ಬೆಸ ಪುಟ, ಸಮ ಪುಟ, ನಮ್ಮತ್ತೆಯ ಜೈಮಿನಿ

ನಮ್ಮನೇಲಿರೋ ಪ್ರಿಂಟರ್ ಹಳೇದು. ಕಪ್ಪು ಬಿಳುಪು ಲೇಸರ್. ಮಗ ಇಂಜಿನಿಯರಿಂಗ್ ಓದೋವಾಗ ತಂದಿದ್ದು, ಅವನು ಕೆಲಸಕ್ಕೆ ಸೇರಿದ ಮೇಲೆ ಅದು ನನ್ನ ಪಾಲಿಗೆ ಬಂತು. ಕೆಲಸಕ್ಕೆ ಮೋಸ ಇಲ್ಲ, ಅಕ್ಷರ ಮುತ್ತಿನ ಹಾಗೆ ಬರತ್ತೆ. ಆದ್ರೆ ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು ಹಾಕತ್ತೆ. ಎರಡೂ ಕಡೆ ಬೇಕು ಅಂದ್ರೆ ಮೊದಲು 1, 3, 5 ಅಂತ ಬೆಸ ಪುಟಗಳನ್ನ ತೆಗೀಬೇಕು, ಆಮೇಲೆ ಅದೇ ಹಾಳೆಗಳನ್ನ ವಾಪಸ್ ಇಟ್ಟು ಹಿಂದುಗಡೆ 2, 4, 6 ಅಂತ ಸಮ ಪುಟಗಳನ್ನ ತೆಗೀಬೇಕು. ಕೇಳೋಕೆ ಸುಲಭ. ಹಾಳೆ ಯಾವ ಮಗ್ಗುಲಿಗೆ ಇಡೋದು, ಎರಡನೇ ಸಲ ಮೊದಲಿಂದ ಕೊಡೋದಾ ಕೊನೆಯಿಂದ ಕೊಡೋದಾ ಅನ್ನೋದರಲ್ಲೇ ಎಲ್ಲಾ ಇರೋದು.

ನನಗೆ ಇದು ಯಾಕೆ ಬೇಕಾಯ್ತು ಅಂತ ಹೇಳ್ತೀನಿ. ನಮ್ಮತ್ತೆಗೆ ಎಂಬತ್ತೆರಡು. ಶ್ರಾವಣ ಬಂತು ಅಂದ್ರೆ ಲಕ್ಷ್ಮೀಶನ ಜೈಮಿನಿ ಭಾರತ ಓದೋದು ಅವರ ಅಭ್ಯಾಸ. ಮೂವತ್ನಾಲ್ಕು ಸಂಧಿ, ದಿನಕ್ಕೆ ಆದಷ್ಟು. ಅವರ ತಂದೆ ಕೊಟ್ಟಿದ್ದ ಪುಸ್ತಕ ಮುಟ್ಟಿದ್ರೆ ಹಪ್ಪಳದ ಹಾಗೆ ಮುರಿಯೋ ಸ್ಥಿತಿಗೆ ಬಂದಿತ್ತು. ಅಂಗಡೀಲಿ ಸಿಗೋದರ ಅಕ್ಷರ ಅವರ ಕಣ್ಣಿಗೆ ಸಣ್ಣದು. ಮಗ ಇಂಟರ್ನೆಟ್ಟಿನಲ್ಲಿ ತಾತ್ಪರ್ಯ ಸಮೇತ ಇರೋ ಹಳೇ ಮುದ್ರಣದ ಪಿಡಿಎಫ್ ಹುಡುಕಿಕೊಟ್ಟ. ಪುಸ್ತಕದ ಪುಟ ಚಿಕ್ಕದು, ಹಾಳೆ ಎ4. ಹಾಗಾಗಿ ಪ್ರಿಂಟ್ ಮಾಡೋವಾಗ `Fit` ಅಂತ ಒತ್ತಿದ್ರೆ ಪುಟ ಹಾಳೆ ತುಂಬಾ ಹಿಗ್ಗತ್ತೆ, ಅಕ್ಷರಾನೂ ದಪ್ಪ ಆಗತ್ತೆ.

ಆವಾಗ ನಮ್ಮ ಪ್ರಿಂಟರಿಗೆ ಟೋನರ್ ಇರಲಿಲ್ಲ. ಒಂದು ಅಂಗಡೀಲಿ ಕೊಟ್ಟು ಚಂದ್ರಹಾಸನ ಕಥೆಯ ಒಂದು ಭಾಗ ಎರಡೂ ಕಡೆ ಮಾಡಿಸಿ ತಂದ್ವಿ. ಅತ್ತೆ ಎರಡು ದಿನ ಓದಿದ್ರು, ಮೂರನೇ ದಿನ ಮುಚ್ಚಿಟ್ರು. ಯಾಕೆ ಅಂದ್ರೆ ಹೇಳಲ್ಲ. ಬಲವಂತ ಮಾಡಿದ ಮೇಲೆ, "ನನ್ನ ತಲೆ ಓಡ್ತಿಲ್ಲ ಕಣೇ. ಓದಿದ್ದು ಮುಂದಕ್ಕೆ ಹೋಗಿ ಹಿಂದಕ್ಕೆ ಬರತ್ತೆ" ಅಂದ್ರು. ಅವರಿಗೆ ಇತ್ತೀಚೆಗೆ ಹೆಸರುಗಳು ಮರೆಯೋದು ಶುರುವಾಗಿದೆ, ಅದರ ಭಯ ಅವರಿಗೆ ಒಳಗೇ ಇದೆ. ನಾನು ಹಾಳೆ ತೆಗೆದು ನೋಡಿದ್ರೆ 1ರ ಹಿಂದೆ 4, 3ರ ಹಿಂದೆ 6. ಅತ್ತೆ ತಲೆ ಸರಿಯಾಗೇ ಇತ್ತು, ಹಿಂದುಗಡೆ ಪುಟಗಳು ಒಂದೊಂದು ಹಾಳೆ ಜರುಗಿದ್ವು. ಅಂಗಡಿಯವರಿಗೆ ಅದು ಹತ್ತಿಪ್ಪತ್ತು ಹಾಳೆ ವಿಷಯ. ನಮ್ಮತ್ತೆ ಅದನ್ನ ತನ್ನ ಕಾಯಿಲೆ ಅಂದ್ಕೊಂಡು ಪುಸ್ತಕವನ್ನೇ ಬಿಟ್ಟಿದ್ರು. ಹಾಗಾಗಿ ಟೋನರ್ ತರಿಸಿ, ಇದನ್ನ ಮನೇಲೇ ಸರಿಯಾಗಿ ಮಾಡಬೇಕು ಅಂತ ಕೂತೆ.

ಒಂದೇ ಮಗ್ಗುಲಿಗೆ ಪ್ರಿಂಟ್ ಮಾಡಿ ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಮ್ಮ ಭಾಗ 37 ಪುಟ. ಒಂದೇ ಕಡೆ ಆದ್ರೆ 37 ಹಾಳೆ, ಎರಡೂ ಕಡೆ ಆದ್ರೆ 19. ಎ4 ಹಾಳೆ ಕಟ್ಟನ್ನ ತೊಡೆ ಮೇಲೆ ಇಟ್ಕೊಂಡು ಓದೋ ಎಂಬತ್ತೆರಡರ ಕೈಗೆ ಆ ತೂಕ ಗೊತ್ತಾಗತ್ತೆ. ಮತ್ತೆ ಅವರಿಗೆ ಪುಸ್ತಕ ಅಂದ್ರೆ ಎಡಕ್ಕೂ ಬಲಕ್ಕೂ ಅಕ್ಷರ ಇರಬೇಕು.

ಮೊದಲು ಒಂದು ವಿಷಯ ನೋಡ್ಕೊಳ್ಳಿ. ನಿಮ್ಮ ಪ್ರಿಂಟರಿನಿಂದ ಹಾಳೆ ಮಕಾಡೆ ಬೀಳತ್ತಾ, ಅಂಗಾತ ಬೀಳತ್ತಾ? ಅಚ್ಚಾದ ಮುಖ ಕೆಳಗೆ ಹೋದ್ರೆ ಮಕಾಡೆ, ನಮ್ಮ ಕಡೆ ನೋಡ್ತಿದ್ರೆ ಅಂಗಾತ. ಚಪಾತಿ ಡಬ್ಬಿ ನೆನಪಿಸ್ಕೊಳ್ಳಿ. ಮೊದಲು ಬೇಯಿಸಿದ್ದು ತಳಕ್ಕೆ ಹೋಗತ್ತೆ, ಕೊನೇದು ಮೇಲೆ ಇರತ್ತೆ. ಹಾಳೆ ಅಂಗಾತ ಬಿದ್ರೂ ಹೀಗೇ, 1ನೇ ಪುಟ ತಳದಲ್ಲಿ, ಕೊನೇ ಪುಟ ಮೇಲೆ, ಕಟ್ಟು ತಲೆಕೆಳಗು. ಮಕಾಡೆ ಬಿದ್ರೆ 1ನೇ ಪುಟ ತಳದಲ್ಲೇ ಇರತ್ತೆ, ಆದ್ರೆ ಇಡೀ ಕಟ್ಟನ್ನ ಕೈಯಲ್ಲಿ ಮಗುಚಿದ ಕೂಡಲೇ 1 ಮೇಲೆ ಬಂದು ವರಸೆ ಸರಿಹೋಗತ್ತೆ. ಅದಕ್ಕೇ ಲೇಸರ್ ಪ್ರಿಂಟರುಗಳನ್ನ ಸಾಮಾನ್ಯವಾಗಿ ಮಕಾಡೆ ಬೀಳೋ ಹಾಗೆ ಮಾಡಿರ್ತಾರೆ. ನಮ್ಮದೂ ಹಾಗೇ.

ಎರಡನೇದು, ಪ್ರಿಂಟರ್ ಒಳಗೆ ಹಾಳೆಯ ಯಾವ ಮುಖಕ್ಕೆ ಅಚ್ಚು ಬೀಳತ್ತೆ ಅಂತ ತಿಳೀಬೇಕು. ಇದಕ್ಕೆ ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ ಸಾಕು. ಹಾಳೆಯ ಮೇಲ್ಮುಖದಲ್ಲಿ ಒಂದು ಬಾಣದ ಗುರುತು ಹಾಕಿ, ಬಾಣದ ತುದಿ ಪ್ರಿಂಟರಿನ ಒಳಗೆ ನೋಡೋ ಹಾಗೆ ಇಡಿ. ಯಾವುದಾದ್ರೂ ಒಂದು ಪುಟ ಪ್ರಿಂಟ್ ಕೊಡಿ. ಬಾಣ ಇರೋ ಕಡೇನೇ ಅಕ್ಷರ ಬಂದ್ರೆ, ಟ್ರೇನಲ್ಲಿ ಮೇಲ್ಮುಖಕ್ಕೆ ಅಚ್ಚು ಬೀಳತ್ತೆ ಅಂತ ಅರ್ಥ. ಹಾಗಿದ್ರೆ ಎರಡನೇ ಸಲ ಅಚ್ಚಾದ ಮುಖ ಕೆಳಗೆ, ಖಾಲಿ ಮುಖ ಮೇಲೆ ಇರೋ ಹಾಗೆ ಇಡಬೇಕು. ಬಾಣ ಒಂದು ಕಡೆ ಅಕ್ಷರ ಇನ್ನೊಂದು ಕಡೆ ಬಂದ್ರೆ ಇದಕ್ಕೆ ಉಲ್ಟಾ. ಆಮೇಲೆ ಪುಟದ ತಲೆ ಬಾಣದ ತುದಿ ಕಡೆ ಇದೆಯಾ, ಬಾಲದ ಕಡೆ ಇದೆಯಾ ನೋಡಿ. ಮೊದಲ ಸಲ ಯಾವ ಅಂಚು ಮುಂದಾಗಿ ಒಳಗೆ ಹೋಗಿತ್ತೋ ಎರಡನೇ ಸಲಾನೂ ಅದೇ ಅಂಚು ಮುಂದಾಗಿ ಹೋಗಬೇಕು. ಇಲ್ಲದಿದ್ರೆ ಹಿಂದುಗಡೆ ಪುಟ ತಲೆ ಕೆಳಗಾಗಿ ಬರತ್ತೆ. ನಮ್ಮದರಲ್ಲಿ ಬಾಣ, ಅಕ್ಷರ ಎರಡೂ ಒಂದೇ ಕಡೆ, ತಲೆ ಮುಂದಾಗಿ ಹೋಗತ್ತೆ. ಹಾಳೆ ಒಳಗೆ ತಿರುಗಿ ಹೊರಗೆ ಬರೋವಾಗ ತಲೆ ನಮ್ಮ ಕಡೆಗೆ ಇರತ್ತೆ. ಅದಕ್ಕೇ ಕಟ್ಟನ್ನ ಮಗುಚದೆ, ಮೇಜಿನ ಮೇಲೆ ಅರ್ಧ ಸುತ್ತು ಮಾತ್ರ ತಿರುಗಿಸಿ ಟ್ರೇಗೆ ಇಡ್ತೀನಿ.

ಈಗ ಏಳು ಪುಟದ ಒಂದು ಚಿಕ್ಕ ಫೈಲ್ ಇಟ್ಕೊಂಡು ಮಾಡಿ ನೋಡೋಣ. ಅಡೋಬಿ ರೀಡರ್‌ನಲ್ಲಿ ಪ್ರಿಂಟ್ ಒತ್ತಿದ್ರೆ ಬರೋ ಪೆಟ್ಟಿಗೇಲಿ `More Options` ಅಂತ ಇರತ್ತೆ. ಅದನ್ನ ಬಿಡಿಸಿದ್ರೆ `Odd pages only`, `Even pages only` ಅಂತ ಆರಿಸೋ ಜಾಗ ಸಿಗತ್ತೆ, ಹತ್ತಿರದಲ್ಲೇ `Reverse pages` ಅಂತ ಒಂದು ಚೌಕ. ಮೊದಲು `Odd pages only` ಆರಿಸಿ, ರಿವರ್ಸ್ ಬೇಡ. 1, 3, 5, 7 ಬರತ್ತೆ, ನಾಲ್ಕು ಹಾಳೆ, ಎಲ್ಲಾ ಮಕಾಡೆ. ತಳದಲ್ಲಿ 1, ಮೇಲೆ 7.

ಈ ಕಟ್ಟನ್ನ ವರಸೆ ಕೆಡಿಸದೆ ಮತ್ತೆ ಟ್ರೇಗೆ ಇಟ್ರೆ, ಪ್ರಿಂಟರ್ ಮೊದಲು ಎಳ್ಕೊಳ್ಳೋದು ಮೇಲಿನ ಹಾಳೆ, ಅಂದ್ರೆ 7. ಏಳರ ಹಿಂದೆ ಬರಬೇಕಾದ್ದು 8, ಅದು ಫೈಲಿನಲ್ಲೇ ಇಲ್ಲ. ಆದ್ದರಿಂದ 7ನೇ ಹಾಳೆನ ತೆಗೆದು ಪಕ್ಕಕ್ಕೆ ಇಡಬೇಕು. ಒಟ್ಟು ಪುಟ ಬೆಸ ಸಂಖ್ಯೆ ಆಗಿದ್ದಾಗೆಲ್ಲ ಈ ಕೆಲಸ ಇದ್ದೇ ಇದೆ. ಇದನ್ನ ತೆಗೀದೆ ಹೋದ್ರೆ 6 ಹೋಗಿ 7ರ ಬೆನ್ನಿಗೆ ಕೂರತ್ತೆ, 4 ಹೋಗಿ 5ರ ಬೆನ್ನಿಗೆ, ಪೂರ್ತಿ ಕಟ್ಟು ಕೆಡತ್ತೆ.

7 ತೆಗೆದ ಮೇಲೆ ಮೇಲಿರೋದು 5. ಅದರ ಬೆನ್ನಿಗೆ ಬೇಕಾದ್ದು 6. ಅದರ ಕೆಳಗಿನ 3ಕ್ಕೆ 4, ತಳದ 1ಕ್ಕೆ 2. ಅಂದ್ರೆ ಸಮ ಪುಟಗಳು 6, 4, 2 ಅಂತ ಹಿಂದಿನಿಂದ ಬರಬೇಕು. ಈಗ `Even pages only` ಆರಿಸಿ, `Reverse pages` ಚೌಕಕ್ಕೆ ಟಿಕ್ ಹಾಕಿ ಕೊಡಿ. ಮೊದಲು ಬರೋ ಹಾಳೇಲಿ 6 ಮಕಾಡೆ, 5 ಮೇಲೆ ನೋಡ್ತಿರತ್ತೆ. ಅದರ ಮೇಲೆ 3 ಬೀಳತ್ತೆ, ಕೊನೇಗೆ 1. ಪಕ್ಕಕ್ಕೆ ಇಟ್ಟಿದ್ದ 7ನ್ನ ತಳಕ್ಕೆ ಅಂಗಾತ ಸೇರಿಸಿದ್ರೆ ಪುಸ್ತಕ ತಯಾರು. ಕೈಯಲ್ಲಿ ಜೋಡಿಸೋ ಕೆಲಸಾನೇ ಇಲ್ಲ.

ನಮ್ಮ ಫೈಲಿನಲ್ಲಿ ಇನ್ನೊಂದು ತೊಡಕಿತ್ತು. ಸ್ಕ್ಯಾನ್ ಮಾಡಿದ ಹಳೇ ಪುಸ್ತಕಗಳಲ್ಲಿ ರಟ್ಟು, ಲೈಬ್ರರಿ ಮುದ್ರೆ ಇರೋ ಹಾಳೆ, ಖಾಲಿ ಹಾಳೆ, ಮುನ್ನುಡಿ ಎಲ್ಲಾ ಸೇರಿ ಮೊದಲು ಹತ್ತಾರು ಪುಟ ಇರತ್ತೆ. ಹಾಗಾಗಿ ಪುಸ್ತಕದಲ್ಲಿ ಅಚ್ಚಾಗಿರೋ ಪುಟದ ಸಂಖ್ಯೆಯೇ ಬೇರೆ, ಫೈಲಿನಲ್ಲಿ ಅದು ಎಷ್ಟನೇ ಪುಟ ಅನ್ನೋದೇ ಬೇರೆ. ಬೆಸ, ಸಮ ಅನ್ನೋದು ಫೈಲಿನ ಲೆಕ್ಕದಲ್ಲಿ ನಡೆಯತ್ತೆ. ನಮಗೆ ಬೇಕಾದ ಭಾಗ ಫೈಲಿನ 412ನೇ ಪುಟದಿಂದ 448ರ ವರೆಗೆ. ಶುರುವಾಗೋದೇ ಸಮ ಸಂಖ್ಯೆಯಿಂದ! ಅಲ್ಲಿ ಮೊದಲು ಬೆಸ ಕೊಟ್ರೆ 413 ಮೇಲೆ ಬರತ್ತೆ, ಕಥೆಯ ಮೊದಲನೇ ಪುಟ ಎಲ್ಲಿ ಹೋಯ್ತು ಅಂತ ಹುಡುಕೋ ಹಾಗಾಗತ್ತೆ.

ಇದಕ್ಕೆ ನಾನು ಮಾಡ್ಕೊಂಡಿರೋ ಉಪಾಯ, ಬೇಕಾದಷ್ಟನ್ನ ಮೊದಲು ಬೇರೆ ಫೈಲ್ ಮಾಡೋದು. ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರಿಂಟರ್ ಆರಿಸೋ ಕಡೆ `Microsoft Print to PDF` ಅಂತ ಒಂದು ಇರತ್ತೆ. ಅದು ನಿಜವಾದ ಪ್ರಿಂಟರ್ ಅಲ್ಲ, ಹಾಳೆ ಬದಲು ಇನ್ನೊಂದು ಪಿಡಿಎಫ್ ಕೊಡತ್ತೆ. ಅದನ್ನ ಆರಿಸಿ ಪುಟದ ಜಾಗದಲ್ಲಿ `412-448` ಅಂತ ಹೊಡೆದೆ. 37 ಪುಟದ ಹೊಸ ಫೈಲ್ ಸಿಕ್ತು, ಅದರಲ್ಲಿ ಕಥೆ 1ನೇ ಪುಟದಿಂದಲೇ ಶುರು. ಇನ್ನು ಮೇಲೆ ಹೇಳಿದ ಲೆಕ್ಕಾನೇ. ಬೆಸ ಹತ್ತೊಂಬತ್ತು ಹಾಳೆ, ಅದರಲ್ಲಿ ಮೇಲಿನ 37ನ್ನ ಪಕ್ಕಕ್ಕೆ ಇಡೋದು, ಉಳಿದ ಹದಿನೆಂಟಕ್ಕೆ 36ರಿಂದ 2ರ ವರೆಗೆ ಹಿಂದಿನಿಂದ.

ಎಲ್ಲಾ ಲೆಕ್ಕ ಸರಿಯಾಗಿದ್ರೂ ಕೆಡೋದು ಒಂದೇ ಕಾರಣಕ್ಕೆ, ಪ್ರಿಂಟರ್ ಒಂದರ ಬದಲು ಎರಡು ಹಾಳೆ ಎಳ್ಕೊಂಡಾಗ. ಅಂಗಡೀಲಿ ಆಗಿದ್ದೂ ಇದೇ ಇರಬೇಕು. ಲೇಸರ್ ಪ್ರಿಂಟರಿನಲ್ಲಿ ಪುಡಿಯನ್ನ ಕಾಯಿಸಿ ಹಾಳೆಗೆ ಅಂಟಿಸೋದ್ರಿಂದ, ಮೊದಲ ಸುತ್ತು ಮುಗಿದ ಹಾಳೆ ಬಿಸಿಯಾಗಿ ಸ್ವಲ್ಪ ಸುರುಳಿ ಸುತ್ಕೊಂಡಿರತ್ತೆ, ಒಂದಕ್ಕೊಂದು ಅಂಟಿರತ್ತೆ. ಮಳೆಗಾಲದಲ್ಲಿ ಕಾಗದ ತಂಡಿ ಹಿಡಿದಿದ್ರಂತೂ ಕೇಳೋದೇ ಬೇಡ. ಆಷಾಢದ ಒಂದು ದಿನ ನಮ್ಮದು 21ನೇ ಪುಟದ ಹಾಳೆ ಜೊತೆ 19ರದ್ದನ್ನೂ ಎಳ್ಕೊಂತು. 21ರ ಹಿಂದೆ 22 ಸರಿಯಾಗೇ ಬಿತ್ತು, 19ರ ಬೆನ್ನು ಖಾಲಿ ಹೋಯ್ತು. ಅಲ್ಲಿಂದ ಮುಂದೆ 20 ಹೋಗಿ 17ರ ಬೆನ್ನಿಗೆ, 18 ಹೋಗಿ 15ರ ಬೆನ್ನಿಗೆ, ಹಾಗೇ ಕೊನೇವರೆಗೆ. ಎಲ್ಲಾ ಹಾಳೆ ಖಾಲಿ ಆದ ಮೇಲೂ 2ನೇ ಪುಟ ಉಳ್ಕೊಂಡು, ಪ್ರಿಂಟರ್ ಹಾಳೆ ಬೇಕು ಅಂತ ದೀಪ ಮಿಟುಕಿಸ್ತಾ ನಿಂತ್ಕೊಂತು.

ಆ ದೀಪಾನೇ ನಮಗೆ ಎಚ್ಚರಿಕೆ. ಎರಡನೇ ಸುತ್ತಿನಲ್ಲಿ ಹಾಳೆ ಸಾಲದೇ ಬಂತು ಅಂದ್ರೆ ಎಲ್ಲೋ ಎರಡು ಒಟ್ಟಿಗೆ ಹೋಗಿದೆ. ಅದಕ್ಕೇ ಎರಡನೇ ಸುತ್ತಿಗೆ ಕಟ್ಟಿನ ಕೆಳಗೆ ಹೆಚ್ಚಿನ ಖಾಲಿ ಹಾಳೆ ಇಡಲೇಬಾರದು. ಇಟ್ರೆ ಉಳಿದ ಪುಟ ಸದ್ದಿಲ್ಲದೆ ಆ ಖಾಲಿ ಹಾಳೆ ಮೇಲೆ ಬಿದ್ದು ಕೆಲಸ ಮುಗಿದು ಹೋಗತ್ತೆ, ಕೆಟ್ಟಿದ್ದು ಗೊತ್ತೇ ಆಗಲ್ಲ. ದೀಪ ಮಿಟುಕಿದಾಗ ಆ ಪ್ರಿಂಟನ್ನ ಕ್ಯಾನ್ಸಲ್ ಮಾಡಿ ಕಟ್ಟು ತೆಗೆದು ಬೆನ್ನು ಖಾಲಿ ಇರೋ ಹಾಳೆ ಹುಡುಕಬೇಕು. ಅದಕ್ಕಿಂತ ಮುಂಚೆ ಬಂದ ಹಾಳೆಗಳು, ಅಂದ್ರೆ ಕಟ್ಟಿನಲ್ಲಿ ಅದರ ಕೆಳಗಿರೋವು, ಸರಿಯಾಗೇ ಇರತ್ತೆ, ಎಸೀಬೇಡಿ. ನನ್ನ ಲೆಕ್ಕದಲ್ಲಿ 21ರಿಂದ 35ರ ವರೆಗಿನ ಎಂಟು ಹಾಳೆ ಉಳೀತು. ಬೆನ್ನು ಖಾಲಿ ಇದ್ದ 19 ಕೂಡ ಉಳೀತು. 1ರಿಂದ 17ರ ವರೆಗಿನ ಒಂಬತ್ತು ಬೆಸ ಪುಟ ಮಾತ್ರ ಹೊಸದಾಗಿ ತೆಗೆದು, ಅದರ ಮೇಲೆ 19ನ್ನ ಮಕಾಡೆ ಇಟ್ಟು, 20ರಿಂದ 2ರ ವರೆಗೆ ಹಿಂದಿನಿಂದ ಕೊಟ್ಟೆ.

ಅದಾದ ಮೇಲೆ ಒಂದೇ ಸಲ ಎಲ್ಲಾ ಕೊಡಲ್ಲ. 20 ಪುಟಕ್ಕೊಂದು ಕಂತು, ಅಂದ್ರೆ ಹತ್ತು ಹಾಳೆ. ಕಂತು ಯಾವಾಗಲೂ ಸಮ ಸಂಖ್ಯೇಲಿ ಮುಗೀಬೇಕು, ಆಗ ಮುಂದಿನದು ಬೆಸದಿಂದ ಶುರುವಾಗತ್ತೆ. ಮೊದಲ ಸುತ್ತಿನ ಹಾಳೆಗಳನ್ನ ಹತ್ತು ನಿಮಿಷ ಒಂದು ದಪ್ಪ ಪುಸ್ತಕದ ಕೆಳಗೆ ಆರೋಕೆ ಇಡ್ತೀನಿ. ಆಮೇಲೆ ಅಂಚನ್ನ ಇಸ್ಪೀಟ್ ಎಲೆ ಥರ ಬೆರಳಲ್ಲಿ ಬಿಡಿಸಿ, ಮೇಜಿಗೆ ತಟ್ಟಿ ಸಮ ಮಾಡಿ ಟ್ರೇಗೆ ಇಡ್ತೀನಿ. ತುಂಬಾ ತೆಳು ಕಾಗದ ತಗೋಬೇಡಿ, ಹಿಂದಿನ ಅಕ್ಷರ ಮುಂದೆ ಕಾಣ್ಸತ್ತೆ. ವಯಸ್ಸಾದ ಕಣ್ಣಿಗೆ ಅದು ಎರಡೆರಡು ಸಾಲು ಓದಿದ ಹಾಗಾಗತ್ತೆ. 75 ಜಿಎಸ್‌ಎಮ್ ನಮಗೆ ಸಾಕಾಗಿದೆ.

ಜೆಪಿ ನಗರದಲ್ಲಿರೋ ನನ್ನ ತಂಗಿ ಮನೇಲಿ ಇಂಕ್ ಹಾಕೋ ಕಲರ್ ಪ್ರಿಂಟರ್ ಇದೆ. ನಾನು ಹೇಳಿದ್ದನ್ನ ಹಾಗೇ ಮಾಡಿದ್ರೆ ಅವಳಿಗೆ ಕೆಡತ್ತೆ, ಯಾಕಂದ್ರೆ ಅವಳದರಲ್ಲಿ ಹಾಳೆ ಅಂಗಾತ ಬೀಳತ್ತೆ. ಏಳು ಪುಟದ್ದೇ ತಗೊಳ್ಳಿ. ಬೆಸ ಪುಟ ತೆಗೆದ ಮೇಲೆ ಮೇಲೆ 7, ತಳದಲ್ಲಿ 1, ಎಲ್ಲಾ ಮುಖ ಮೇಲೆ. ಬೆನ್ನಿಗೆ ಅಚ್ಚು ಬೇಕು ಅಂತ ಇಡೀ ಕಟ್ಟನ್ನ ಮಗುಚಿದ್ರೆ 1ರ ಬೆನ್ನು ಮೇಲೆ ಬಂತು. ಮೊದಲು ಒಳಗೆ ಹೋಗೋದು ಅದೇ. ಹಾಗಾಗಿ ಅವಳು ಸಮ ಪುಟನ 2, 4, 6 ಅಂತ ನೇರವಾಗೇ ಕೊಡಬೇಕು, ರಿವರ್ಸ್ ಬೇಡ. ಬೆನ್ನಿಲ್ಲದ 7 ತಳದಲ್ಲಿ ತಾನಾಗೇ ಉಳ್ಕೊಳ್ಳತ್ತೆ, ಮೊದಲೇ ತೆಗೆಯೋ ಕೆಲಸಾನೂ ಇಲ್ಲ. ಕೊನೇಗೆ ಕಟ್ಟನ್ನ ಒಂದು ಸಲ ಮಗುಚಿ ತಳಕ್ಕೆ 7 ಸೇರಿಸಿದ್ರೆ ಆಯ್ತು. ಆದ್ರೆ ಒಂದೇ ಮಗ್ಗುಲು ಪ್ರಿಂಟ್ ಮಾಡೋವಾಗ ಅವಳಿಗೆ ರಿವರ್ಸ್ ಬೇಕು, ನನಗೆ ಬೇಡ. ನನಗೆ ಬೇಕಾದ ಕಡೆ ಅವಳಿಗೆ ಬೇಡ, ಅವಳಿಗೆ ಬೇಕಾದ ಕಡೆ ನನಗೆ ಬೇಡ. ಎಲ್ಲಾ ಆ ಮಕಾಡೆ, ಅಂಗಾತದ್ದೇ ವ್ಯತ್ಯಾಸ.

ಕ್ರೋಮ್‌ನಲ್ಲಿ ಪಿಡಿಎಫ್ ತೆಗೆದು ಪ್ರಿಂಟ್ ಕೊಡೋರಿಗೆ `Odd pages only`, `Even pages only` ಎರಡೂ ಸಿಗತ್ತೆ, ಪುಟ ತಿರುವು ಮಾಡೋ ಟಿಕ್ ಸಿಗಲ್ಲ. ಅಂಥವರು ಅಡೋಬಿ ರೀಡರ್‌ನಲ್ಲಿ ಮತ್ತೆ ಆ `Microsoft Print to PDF` ಆರಿಸಿ, ಸಮ ಪುಟ, ರಿವರ್ಸ್ ಎರಡೂ ಹಾಕಿ ಒಂದು ಫೈಲ್ ಮಾಡ್ಕೋಬಹುದು. ಪುಟಗಳು ಆ ಫೈಲಿನಲ್ಲೇ 36, 34, 32 ಅಂತ ಕೂತಿರತ್ತೆ. ಆಮೇಲೆ ಎಲ್ಲಿಂದ ಪ್ರಿಂಟ್ ಕೊಟ್ರೂ ಅದೇ ವರಸೇಲಿ ಬರತ್ತೆ.

ಕೊನೇಲಿ ಪರೀಕ್ಷೆ ಮಾಡೋದು ಹೇಗೆ? ಪುಟದ ಸಂಖ್ಯೆ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕತ್ತರಿಸಿ ಹೋಗಿರತ್ತೆ. ಜೈಮಿನೀಲಿ ಅನುಕೂಲ ಏನಂದ್ರೆ ಪದ್ಯಗಳಿಗೇ ಸಂಖ್ಯೆ ಇದೆ. ಒಂದು ಪುಟದ ಕೊನೇ ಪದ್ಯ 14 ಆದ್ರೆ ಮಗುಚಿದ ಕೂಡಲೇ 15 ಸಿಗಬೇಕು. ದಾರ ಹಾಕಿ ಹೊಲಿಯೋಕೆ ಮುಂಚೆ ನಾನು ಒಂದೊಂದು ಹಾಳೇನೂ ಹೀಗೆ ನೋಡ್ತೀನಿ. ಐದು ನಿಮಿಷದ ಕೆಲಸ.

ಹೊಸ ಕಟ್ಟನ್ನ ಕೊಟ್ಟಾಗ ಅತ್ತೆ ಮೊದಲು ನಂಬಲಿಲ್ಲ. ನಾನು ಅಂಗಡಿಯ ಹಳೇ ಕಟ್ಟನ್ನೂ ಪಕ್ಕದಲ್ಲಿಟ್ಟು, ಪದ್ಯದ ಸಂಖ್ಯೆ ತೋರಿಸ್ದೆ. ಬೆರಳಿಟ್ಟು ಎರಡನ್ನೂ ತಾವೇ ಎಣಿಸಿ ನೋಡಿದ್ರು. ಆಮೇಲೆ, ದುಷ್ಟಬುದ್ಧಿ ಬರೆದ ಓಲೇಲಿ ವಿಷ ಕೊಡು ಅಂತ ಇದ್ದದ್ದನ್ನ ವಿಷಯೆ ತನ್ನ ಹೆಸರು ಬರೋ ಹಾಗೆ ತಿದ್ದೋ ಭಾಗ ಬಂದಾಗ ಅಡಿಗೆಮನೆವರೆಗೂ ಕೇಳೋ ಹಾಗೆ ಓದಿದ್ರು. "ಒಂದಕ್ಷರ ತಿದ್ದಿ ಗಂಡನ ಪ್ರಾಣ ಉಳಿಸಿದಳು ನೋಡೇ. ನಿನ್ನ ಅಂಗಡಿಯವನು ಒಂದು ಹಾಳೆ ಜರುಗಿಸಿ ನನ್ನ ತಲೆ ಕೆಡಿಸಿದ್ದ" ಅಂತ ನಕ್ಕರು.

ಈಗ ಮುಂದಿನ ಭಾಗ ಬೇಕಂತೆ. ಎಣಿಸಿ ನೋಡಿದೆ, 42 ಪುಟ. ಸಮ ಸಂಖ್ಯೆ, ಕೊನೇ ಹಾಳೆ ತೆಗೆದಿಡೋ ಕೆಲಸ ಇಲ್ಲ.